ಫೋನ್ ಜತೆ ವರ್ಷದ ಪ್ಲಾನ್ ‘ಉಚಿತ’: ಲೆಕ್ಕದಲ್ಲಿ ಬರೆಯುವುದು ಹೇಗೆ?

‘ಫೋನ್ ಕೊಳ್ಳಿ, ಒಂದು ವರ್ಷದ ಕರೆ ಮತ್ತು ಡೇಟಾ ಉಚಿತ’ ಎಂದು ಮೊಬೈಲ್ ಸೇವಾ ಕಂಪನಿಯೊಂದು ಜಾಹೀರಾತು ಕೊಡುತ್ತದೆ. ಗ್ರಾಹಕ ಕೊಟ್ಟ ಹಣಕ್ಕೆ ಫೋನ್ ಅಂದೇ ಅವನ ಕೈಸೇರುತ್ತದೆ. ಸೇವೆ ಮಾತ್ರ ಮುಂದಿನ ಹನ್ನೆರಡು ತಿಂಗಳು ಹರಿದು ಬರಬೇಕು. ಹಾಗಿದ್ದರೆ ಬಂದ ಅಷ್ಟೂ ಹಣವನ್ನು ಮಾರಿದ ದಿನವೇ ‘ಫೋನ್ ಮಾರಾಟ’ ಎಂದು ಬರೆದುಕೊಳ್ಳಬಹುದೇ? ಬರೆದುಕೊಳ್ಳುವಂತಿಲ್ಲ ಎನ್ನುತ್ತದೆ ಇಂಡ್ ಎಎಸ್ 115. ಐಎಫ್ಆರ್‌ಎಸ್ 15 ಎಂಬ ಅಂತರರಾಷ್ಟ್ರೀಯ ಮಾನದಂಡದ ಈ ಭಾರತೀಯ ರೂಪ 2018ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಸ್ಥೂಲವಾಗಿ ಹೇಳುವುದಾದರೆ ಷೇರುಪೇಟೆಯಲ್ಲಿರುವ ಕಂಪನಿಗಳಿಗೂ 250 ಕೋಟಿ ರೂಪಾಯಿ ಅಥವಾ ಹೆಚ್ಚಿನ ನಿವ್ವಳ ಮೌಲ್ಯದ ಕಂಪನಿಗಳಿಗೂ ಇದು ಅನ್ವಯಿಸುತ್ತದೆ. ಓಣಿಯ ಮೊಬೈಲ್ ಅಂಗಡಿಯವರಿಗೆ ಈ ಕಟ್ಟಳೆ ಇಲ್ಲ. ಆದರೂ ಅವರಿಗೆ ಸಂಬಂಧಿಸಿದ ಒಂದು ಮಾತು ಮುಂದೆ ಬರುತ್ತದೆ.

ಒಂದು ಕಾಲ್ಪನಿಕ ಲೆಕ್ಕವನ್ನು ಹಿಡಿದು ಹಂತ ಹಂತವಾಗಿ ನೋಡೋಣ. ಕಂಪನಿ ತನ್ನ 4ಜಿ ಫೋನನ್ನು ಬಿಡಿಯಾಗಿ ಜಿಎಸ್‌ಟಿ ಬಿಟ್ಟು 7,200 ರೂಪಾಯಿಗೆ ಮಾರುತ್ತದೆ. ಸಿಮ್ ಮಾತ್ರ ಇರುವ ಗ್ರಾಹಕರಿಗೆ ಅದೇ ವಾರ್ಷಿಕ ಪ್ಲಾನ್ 3,600 ರೂಪಾಯಿ. ಕೊಡುಗೆಯ ದಿನಗಳಲ್ಲಿ ಎರಡೂ ಸೇರಿ 7,200 ರೂಪಾಯಿ. ಇದಕ್ಕೆ ಶೇ 18ರ ಜಿಎಸ್‌ಟಿ 1,296 ಸೇರಿ ಗ್ರಾಹಕ ಕೊಡುವುದು 8,496 ರೂಪಾಯಿ. ಮಾರಾಟ ಜನವರಿ 1ರಂದು ಆಯಿತೆನ್ನಿ.

ಮೊದಲು, ಕೊಟ್ಟ ಮಾತುಗಳನ್ನು ಎಣಿಸಿ

ಕರಾರಿನಲ್ಲಿ ಗ್ರಾಹಕನಿಗೆ ಏನೇನು ಕೊಡುತ್ತೇವೆ ಎಂದು ಒಪ್ಪಿದ್ದೀರಿ? ಪ್ರತಿಯೊಂದಕ್ಕೂ ಎರಡು ಪ್ರಶ್ನೆ ಹಾಕಿ. ಗ್ರಾಹಕನಿಗೆ ಅದೊಂದರಿಂದಲೇ, ಅಥವಾ ಬೇರೆಡೆ ಸಿಗುವ ವಸ್ತುವಿನ ಜತೆ ಸೇರಿಸಿಕೊಂಡು, ಪ್ರಯೋಜನವಿದೆಯೇ? ಕರಾರಿನ ಉಳಿದ ಭಾಗದಿಂದ ಅದನ್ನು ಬಿಡಿಸಿ ನೋಡಬಹುದೇ? ನಮ್ಮ ಫೋನಿಗೆ ಬೇರೆ ಕಂಪನಿಯ ಸಿಮ್ ಹಾಕಬಹುದು, ಪ್ಲಾನನ್ನು ಹಳೆಯ ಫೋನಿನಲ್ಲೂ ಬಳಸಬಹುದು. ಹಾಗಾಗಿ ಇವು ಎರಡು ಬೇರೆ ಬೇರೆ ಹೊಣೆಗಳು. ಜಾಹೀರಾತಿನಲ್ಲಿ ‘ಉಚಿತ’ ಎಂದು ಇರುವುದರಿಂದಾಗಲಿ, ಬಿಲ್ಲಿನಲ್ಲಿ ಪ್ಲಾನ್ ಎದುರು ಸೊನ್ನೆ ನಮೂದಾಗಿರುವುದರಿಂದಾಗಲಿ ಈ ಎಣಿಕೆ ಬದಲಾಗುವುದಿಲ್ಲ.

ಹೊಸಬರು ಎಡವುವುದು ವಾರಂಟಿಯಲ್ಲಿ. ತಯಾರಿಕೆಯ ದೋಷ ಕಂಡರೆ ರಿಪೇರಿ ಮಾಡಿಕೊಡುತ್ತೇವೆ ಎಂಬ ಮಾಮೂಲಿ ಒಂದು ವರ್ಷದ ವಾರಂಟಿ ಮೂರನೆಯ ಹೊಣೆ ಆಗುವುದಿಲ್ಲ. ಮಾರಿದ ಫೋನ್ ಸರಿಯಾಗಿದೆ ಎಂಬ ಭರವಸೆ ಅಷ್ಟೇ ಅದು. ಅದಕ್ಕೆ ಬೆಲೆಯಲ್ಲಿ ಪಾಲು ಕೊಡದೆ, ತಗಲಬಹುದಾದ ಖರ್ಚನ್ನು ಅಂದಾಜು ಮಾಡಿ ತೆಗೆದಿಟ್ಟರೆ ಸಾಕು. ಹಾಗೆಯೇ, ಮಾರಾಟ ಮುಗಿದು ತಿಂಗಳಾದ ಮೇಲೆ ಕಂಪನಿ ತಾನಾಗಿ ‘ಹಳೆಯ ಗ್ರಾಹಕರಿಗೂ ಪ್ಲಾನ್ ಕೊಡೋಣ’ ಎಂದು ತೀರ್ಮಾನಿಸಿದರೆ, ಮೂಲ ಕರಾರಿನಲ್ಲಿ ಆ ಮಾತು ಇರಲಿಲ್ಲವಾದ್ದರಿಂದ ಹಳೆಯ ಆದಾಯವನ್ನು ಕೆದಕಬೇಕಿಲ್ಲ.

ಹಂಚಬೇಕಾದ ಮೊತ್ತ ಯಾವುದು?

ಗ್ರಾಹಕ ಕೊಟ್ಟದ್ದು 8,496. ಅದರಲ್ಲಿ 1,296 ಸರ್ಕಾರದ ಪರವಾಗಿ ವಸೂಲಾದದ್ದು. ಹಂಚಲು ಉಳಿಯುವುದು 7,200. ಜಿಎಸ್‌ಟಿ ಸಹಿತ ಬೆಲೆಯನ್ನೇ ಹಂಚಿಬಿಟ್ಟರೆ ಆದಾಯ ಅಷ್ಟರಮಟ್ಟಿಗೆ ಉಬ್ಬುತ್ತದೆ.

ಬಿಡಿ ಬೆಲೆ: ಜಗಳವೆಲ್ಲ ಇಲ್ಲೇ

ಹಂಚಿಕೆಗೆ ಆಧಾರ ಬಿಡಿ ಮಾರಾಟ ಬೆಲೆ. ಅಂದರೆ ಆ ವಸ್ತುವನ್ನು ಅದೊಂದನ್ನೇ, ಇಂಥದ್ದೇ ಗ್ರಾಹಕನಿಗೆ ಮಾರಿದ್ದರೆ ಕಂಪನಿಗೆ ನಿಜಕ್ಕೂ ಸಿಗುತ್ತಿದ್ದ ಬೆಲೆ. ಪೆಟ್ಟಿಗೆಯ ಮೇಲಿನ ಎಂಆರ್‌ಪಿ ಅದಲ್ಲ. ಪ್ಲಾನ್ ಪಟ್ಟಿಯಲ್ಲಿ 3,600 ಎಂದಿದ್ದರೂ ಬಹುತೇಕ ಗ್ರಾಹಕರು ಅರ್ಧ ಬೆಲೆಗೇ ರೀಚಾರ್ಜ್ ಮಾಡಿಸುತ್ತಿದ್ದರೆ ಬಿಡಿ ಬೆಲೆ 1,800. ಆದ್ದರಿಂದ ಬೆಲೆಪಟ್ಟಿಯನ್ನು ಬದಿಗಿಟ್ಟು ಕಳೆದ ಕೆಲವು ತಿಂಗಳ ಬಿಲ್ಲುಗಳನ್ನೇ ತೆರೆದು ನೋಡಬೇಕು.

ಬಿಡಿಯಾಗಿ ಎಂದೂ ಮಾರದ ವಸ್ತುವಾದರೆ? ಆಗ ಅಂದಾಜು ಅನಿವಾರ್ಯ. ಅಂಥದ್ದೇ ಸೇವೆಗೆ ಮಾರುಕಟ್ಟೆಯಲ್ಲಿ ಎಷ್ಟಿದೆ ಎಂದು ನೋಡಬಹುದು, ಇಲ್ಲವೇ ಸೇವೆಗೆ ತಗಲುವ ವೆಚ್ಚಕ್ಕೆ ವಾಡಿಕೆಯ ಲಾಭ ಸೇರಿಸಬಹುದು. ಒಟ್ಟು ಬೆಲೆಯಲ್ಲಿ ಒಂದರ ಬೆಲೆ ಕಳೆದು ಉಳಿದದ್ದನ್ನು ಇನ್ನೊಂದಕ್ಕೆ ಹಾಕುವ ಮೂರನೆಯ ದಾರಿಯೂ ಇದೆ. ಆದರೆ ಅದು ಬೆಲೆ ವಿಪರೀತ ಏರಿಳಿಯುವ ಅಥವಾ ಇನ್ನೂ ಬೆಲೆಯೇ ನಿಗದಿಯಾಗದ ವಸ್ತುಗಳಿಗೆ ಮಾತ್ರ. ನಮ್ಮ ಉದಾಹರಣೆಯಲ್ಲಿ ಹಾಗೆ ಮಾಡಿದರೆ 7,200ರಲ್ಲಿ ಫೋನಿನ 7,200 ಕಳೆದು ಪ್ಲಾನಿಗೆ ಸೊನ್ನೆ ಬರುತ್ತದೆ. ಸೊನ್ನೆ ಬಂತೆಂದರೆ ದಾರಿ ತಪ್ಪಿದೆ ಎಂದೇ ತಿಳಿಯಬೇಕು.

ಅಂದಾಜಿಗೆ ಹೆಸರಾದ ಉದಾಹರಣೆ ಆಪಲ್‌ನದು. 2007ರಲ್ಲಿ ಐಫೋನ್ ಬಂದಾಗ ಮುಂದೆ ಉಚಿತವಾಗಿ ಸಾಫ್ಟ್‌ವೇರ್ ಅಪ್‌ಡೇಟ್ ಕೊಡುವ ಮಾತು ಇತ್ತು. ಆ ಅಪ್‌ಡೇಟನ್ನು ಬಿಡಿಯಾಗಿ ಮಾರುತ್ತಿರಲಿಲ್ಲ, ಹಾಗಾಗಿ ಬೆಲೆ ಹಂಚಲು ಅಂದಿನ ಅಮೆರಿಕದ ನಿಯಮದಲ್ಲಿ ಆಧಾರವಿರಲಿಲ್ಲ. ಇಡೀ ಫೋನಿನ ಹಣವನ್ನೇ ಆಪಲ್ 24 ತಿಂಗಳ ಮೇಲೆ ಹರಡಿ ಆದಾಯವೆಂದು ತೋರಿಸಬೇಕಾಯಿತು. ಅಂದಾಜು ಬೆಲೆಯನ್ನು ಒಪ್ಪುವ ಹಾಗೆ ನಿಯಮ 2009ರಲ್ಲಿ ಬದಲಾದ ಮೇಲೆ ಅಪ್‌ಡೇಟ್ ಹಕ್ಕಿಗೆ ಒಂದು ಐಫೋನಿಗೆ 25 ಡಾಲರ್ ಎಂದು ಅಂದಾಜಿಸಿ, ಅಷ್ಟನ್ನು ಮಾತ್ರ ಮುಂದಕ್ಕಿಟ್ಟು ಉಳಿದದ್ದನ್ನು ಮಾರಿದಾಗಲೇ ತೋರಿಸತೊಡಗಿತು. ಮಾರಿದ ಫೋನುಗಳು ಅವೇ, ಬಂದ ಹಣವೂ ಅದೇ. ವರದಿಯಾದ ಆದಾಯ ಮಾತ್ರ ಜಿಗಿಯಿತು.

ಹಂಚಿಕೆ

ಬಿಡಿ ಬೆಲೆಗಳ ಮೊತ್ತ 7,200 ಮತ್ತು 3,600 ಸೇರಿ 10,800. ಅದರಲ್ಲಿ ಫೋನಿನದು ಮೂರರಲ್ಲಿ ಎರಡು ಪಾಲು, ಪ್ಲಾನಿನದು ಒಂದು ಪಾಲು. ಬಂದ 7,200ನ್ನು ಅದೇ ಪ್ರಮಾಣದಲ್ಲಿ ಹಂಚಿದರೆ ಫೋನಿಗೆ 4,800, ಪ್ಲಾನಿಗೆ 2,400.

ಇಲ್ಲಿ ಮಾರಾಟ ವಿಭಾಗದವರು ತಕರಾರು ತೆಗೆಯುವುದು ಖಂಡಿತ. ಫೋನ್ ಕಂಪನಿಗೆ 5,200ಕ್ಕೆ ಬಿದ್ದಿದ್ದರೆ, ಮಾರಿದ ದಿನ ಪುಸ್ತಕದಲ್ಲಿ 400 ರೂಪಾಯಿ ನಷ್ಟ ಕಾಣುತ್ತದೆ. ‘ರಿಯಾಯಿತಿ ಕೊಟ್ಟದ್ದು ಪ್ಲಾನಿಗೆ, ಫೋನಿಗೆ ಅಲ್ಲ. ಫೋನಿನ ಬೆಲೆ ಯಾಕೆ ಕಡಿಮೆಯಾಗಬೇಕು?’ ಎಂಬುದು ಅವರ ವಾದ. ಆದರೆ ಗ್ರಾಹಕ ಕೊಟ್ಟದ್ದು ಎರಡಕ್ಕೂ ಸೇರಿ ಒಂದೇ ಬೆಲೆ. 3,600ರ ರಿಯಾಯಿತಿಯೂ ಎರಡಕ್ಕೂ ಹಂಚಿಹೋಗುತ್ತದೆ: ಫೋನಿಗೆ 2,400, ಪ್ಲಾನಿಗೆ 1,200. ರಿಯಾಯಿತಿಯನ್ನೆಲ್ಲ ಒಂದೇ ಕಡೆ ಹೊರಿಸಲು ಮಾನದಂಡ ಅವಕಾಶ ಕೊಟ್ಟಿದೆಯಾದರೂ, ಅದಕ್ಕೆ ಬೇಕಾದ ಪುರಾವೆ ಹಲವು ವಸ್ತುಗಳ ಕಟ್ಟಿನಲ್ಲಿ ಸಿಗುವಂಥದ್ದು. ಎರಡೇ ವಸ್ತುಗಳಿರುವಲ್ಲಿ ಆ ಬಾಗಿಲು ಹೆಚ್ಚುಕಡಿಮೆ ಮುಚ್ಚಿದಂತೆಯೇ. ನಷ್ಟ ಕಂಡಿತೆಂದು ಫೋನಿನ ಖರೀದಿ ವೆಚ್ಚವನ್ನು ಹನ್ನೆರಡು ತಿಂಗಳಿಗೆ ಹರಡುವಂತೆಯೂ ಇಲ್ಲ. ಫೋನ್ ಕೈಬಿಟ್ಟ ದಿನವೇ ಅಷ್ಟೂ ಖರ್ಚಾಗಬೇಕು.

ಈ ಒತ್ತಡದಲ್ಲೇ ಪ್ಲಾನಿನ ಬಿಡಿ ಬೆಲೆಯನ್ನು ತಗ್ಗಿಸಿ ತೋರಿಸುವ ಆಸೆ ಹುಟ್ಟುತ್ತದೆ. ಅದನ್ನು 1,800 ಎಂದುಬಿಟ್ಟರೆ ಫೋನಿನ ಪಾಲು 5,760ಕ್ಕೆ ಏರಿ, ನಷ್ಟದ ಜಾಗದಲ್ಲಿ 560 ರೂಪಾಯಿ ಲಾಭ ಕೂರುತ್ತದೆ. ಬೆಲೆ ನಿಜಕ್ಕೂ ಅಷ್ಟೇ ಇದ್ದರೆ ಸರಿ, ಇಲ್ಲದಿದ್ದರೆ ಅದು ಮುಂದಿನ ವರ್ಷದ ಆದಾಯವನ್ನು ಈ ವರ್ಷಕ್ಕೆ ಎಳೆದ ಹಾಗೆ. ನನ್ನ ಮಟ್ಟಿಗೆ ಆಡಿಟರ್ ಕೈಯಲ್ಲಿ ಒಂದೇ ಗಂಟೆ ಸಮಯವಿದ್ದರೆ ಅದನ್ನು ಇಲ್ಲೇ ಕಳೆಯಬೇಕು.

ಪುಸ್ತಕಕ್ಕೆ ಇಳಿಸುವುದು

ಜನವರಿ 1ರಂದು ಬ್ಯಾಂಕ್ ಖಾತೆಗೆ 8,496 ಡೆಬಿಟ್. ಫೋನ್ ಮಾರಾಟಕ್ಕೆ 4,800, ಕಾಂಟ್ರ್ಯಾಕ್ಟ್ ಲಯಬಿಲಿಟಿಗೆ 2,400, ಜಿಎಸ್‌ಟಿ ಬಾಕಿಗೆ 1,296 ಕ್ರೆಡಿಟ್. ಆ 2,400 ಅಂದಿಗೆ ಆದಾಯವಲ್ಲ, ಗ್ರಾಹಕನಿಗೆ ಸೇವೆಯ ರೂಪದಲ್ಲಿ ತೀರಿಸಬೇಕಾದ ಬಾಕಿ. ಪ್ರತಿ ತಿಂಗಳ ಕೊನೆಗೆ ಅದರಿಂದ 200 ರೂಪಾಯಿ ತೆಗೆದು ಸೇವಾ ಆದಾಯಕ್ಕೆ ಹಾಕುತ್ತಾ ಹೋಗಿ. ಗ್ರಾಹಕ ಒಂದು ತಿಂಗಳು ಡೇಟಾ ಮುಟ್ಟದಿದ್ದರೂ 200 ತೆಗೆಯಬೇಕು, ಏಕೆಂದರೆ ನೆಟ್‌ವರ್ಕ್ ಅವನಿಗಾಗಿ ತೆರೆದೇ ಇತ್ತು. ಮಾರ್ಚ್ 31ಕ್ಕೆ ಮೂರು ತಿಂಗಳ 600 ಆದಾಯವಾಗಿ, 1,800 ಬಾಕಿಯಾಗಿಯೇ ಉಳಿಯುತ್ತದೆ. ಇಂಥ ಹತ್ತು ಸಾವಿರ ಫೋನುಗಳು ಅದೇ ದಿನ ಮಾರಾಟವಾಗಿದ್ದು, ಎಲ್ಲವನ್ನೂ ಮಾರಿದಾಗಲೇ ಆದಾಯವೆಂದು ಬರೆದಿದ್ದರೆ ಆ ವರ್ಷದ ಆದಾಯ 1 ಕೋಟಿ 80 ಲಕ್ಷ ರೂಪಾಯಿ ಹೆಚ್ಚಾಗಿ ಕಾಣುತ್ತಿತ್ತು.

ನಡುವೆ ಪ್ಲಾನಿನ ದರ ಏರಿದರೆ ಹಳೆಯ ಕರಾರುಗಳನ್ನು ಮರುಹಂಚಿಕೆ ಮಾಡಬೇಡಿ. ಕರಾರು ಶುರುವಾದ ದಿನದ ಬಿಡಿ ಬೆಲೆಯೇ ಕೊನೆಯವರೆಗೆ. ಹೊಸ ದರ ಹೊಸ ಕರಾರುಗಳಿಗೆ.

ಜಿಎಸ್‌ಟಿ ಈ ಹರಡುವಿಕೆಗೆ ಕಾಯುವುದಿಲ್ಲ. ಬಿಲ್ ಮಾಡಿದ 7,200ರ ಮೇಲಿನ ಇಡೀ 1,296 ಆ ಅವಧಿಯ ರಿಟರ್ನ್‌ನಲ್ಲೇ ಹೋಗುತ್ತದೆ. ಹೀಗಾಗಿ ರಿಟರ್ನ್‌ನ ವಹಿವಾಟಿಗೂ ಲಾಭ–ನಷ್ಟ ಪಟ್ಟಿಯ ಆದಾಯಕ್ಕೂ ವ್ಯತ್ಯಾಸ ಬರುವುದು ಸಹಜ. ಜಿಎಸ್‌ಟಿಆರ್–9ಸಿ ತಾಳೆಪಟ್ಟಿಗೆ ಇದರ ಲೆಕ್ಕವನ್ನು ಮೊದಲೇ ಬರೆದಿಟ್ಟುಕೊಂಡರೆ ವರ್ಷಾಂತ್ಯದಲ್ಲಿ ಹುಡುಕಾಟ ತಪ್ಪುತ್ತದೆ.

ಅಂಗಡಿಯವರಾದರೆ

ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಯೊಂದು ತನ್ನ ಫೋನಿನ ಜತೆ ಬೇರೆ ಕಂಪನಿಯ ಪ್ಲಾನ್ ಕೊಡಿಸಿದರೆ ಲೆಕ್ಕ ಬೇರೆ. ಸೇವೆ ಕೊಡುವ ಹೊಣೆ ಅಂಗಡಿಯದಲ್ಲ. ಪ್ಲಾನಿನ ದರ ಗೊತ್ತುಮಾಡುವುದೂ ನೆಟ್‌ವರ್ಕ್ ಕೈಕೊಟ್ಟರೆ ಉತ್ತರ ಹೇಳುವುದೂ ಆ ಕಂಪನಿ. ಅಂಗಡಿ ಇಲ್ಲಿ ಏಜೆಂಟ್ ಮಾತ್ರ, ಆದ್ದರಿಂದ ಪ್ಲಾನಿನ ಪೂರ್ತಿ ಹಣವನ್ನು ತನ್ನ ವಹಿವಾಟೆಂದು ತೋರಿಸದೆ ಸಿಗುವ ಕಮಿಷನ್ ಅಷ್ಟನ್ನೇ ಆದಾಯವೆಂದು ಬರೆಯಬೇಕು. ಅಂಗಡಿಯವರು ಅನುಸರಿಸುವ ಹಳೆಯ ಎಎಸ್ 9 ಕೂಡ ಏಜೆನ್ಸಿಯ ಬಗ್ಗೆ ಇದನ್ನೇ ಹೇಳುತ್ತದೆ.

ಸರಿ ಇದೆಯೇ ಎಂದು ನೋಡುವುದು

ತಿಂಗಳ ಕೊನೆಗೆ ಚಾಲ್ತಿಯಲ್ಲಿರುವ ಪ್ಲಾನುಗಳ ಪಟ್ಟಿ ತೆಗೆಯಿರಿ. ಪ್ರತಿಯೊಂದರ ಎದುರು ಉಳಿದ ತಿಂಗಳುಗಳನ್ನು ಬರೆದು 200ರಿಂದ ಗುಣಿಸಿ ಕೂಡಿಸಿ. ಬರುವ ಮೊತ್ತ ಕಾಂಟ್ರ್ಯಾಕ್ಟ್ ಲಯಬಿಲಿಟಿ ಖಾತೆಯ ಬಾಕಿಗೆ ತಾಳೆಯಾಗಬೇಕು. ಖಾತೆಯಲ್ಲಿ ಹೆಚ್ಚಿದ್ದರೆ, ವಾಪಸ್ ಬಂದು ಹಣ ಹಿಂದಿರುಗಿಸಿದ ಫೋನುಗಳ ಪ್ಲಾನ್ ಪಾಲನ್ನು ತೆಗೆದಿರುವುದಿಲ್ಲ, ಅಥವಾ ಯಾವುದೋ ತಿಂಗಳ ಎಂಟ್ರಿ ಬಿಟ್ಟುಹೋಗಿರುತ್ತದೆ. ಕಡಿಮೆಯಿದ್ದರೆ ಬಿಲ್ಲಿಂಗ್ ಸಾಫ್ಟ್‌ವೇರಿನಲ್ಲಿ ಕೊಡುಗೆಯ ಕೋಡ್ ಹಾಕದೆ ಮಾರಿದ ಫೋನುಗಳನ್ನು ಹುಡುಕಿ. ಅವುಗಳ 7,200 ಪೂರ್ತಿಯಾಗಿ ಫೋನ್ ಮಾರಾಟದ ಖಾತೆಗೇ ಹೋಗಿ ಕೂತಿರುತ್ತದೆ.