ಲಸಿಕೆಯ ನಂತರದ ವರದಿ: ಹದಿನೈದು ಕಾಗದಗಳ ಕಥೆ

ಲಸಿಕೆ ಹಾಕಿಸಿದ ಮೇಲೆ ಮಗುವಿಗೆ ಜ್ವರ ಬರುವುದು, ತೋಳು ನೋಯುವುದು ನಮಗೆಲ್ಲ ತಿಳಿದದ್ದೇ. ಆದರೆ ಅಪರೂಪಕ್ಕೆ ಇದಕ್ಕಿಂತ ಗಂಭೀರವಾದ ತೊಂದರೆ ಕಾಣಿಸಿದಾಗ ವೈದ್ಯರು ಅದನ್ನು ಬರೆದು ಸರಕಾರಕ್ಕೆ ಕಳುಹಿಸುತ್ತಾರೆ. ಈ ವರದಿಯಲ್ಲಿ ಏನಿರುತ್ತದೆ, ಅದರಿಂದ ಏನು ತಿಳಿಯುತ್ತದೆ ಎಂಬುದನ್ನು ಒಂದು ನಿಜವಾದ ಪ್ರಸಂಗದ ಮೂಲಕ ನೋಡೋಣ.

ರೋಟಾವೈರಸ್ ಎಂಬ ರೋಗಾಣು ಕೂಸುಗಳಲ್ಲಿ ತೀವ್ರ ವಾಂತಿಭೇದಿಯನ್ನು ಉಂಟುಮಾಡುತ್ತದೆ. ಅದನ್ನು ತಡೆಯಲು ಅಮೆರಿಕದಲ್ಲಿ 1998ರ ಆಗಸ್ಟಿನಲ್ಲಿ ರೋಟಾಶೀಲ್ಡ್ ಎಂಬ ಲಸಿಕೆಗೆ ಪರವಾನಗಿ ದೊರೆಯಿತು. ಎರಡು, ನಾಲ್ಕು ಮತ್ತು ಆರನೆಯ ತಿಂಗಳಲ್ಲಿ ಬಾಯಿಗೆ ಹಾಕುವ ಲಸಿಕೆ ಅದು. ಮೊದಲು ನಡೆದ ಪರೀಕ್ಷೆಗಳಲ್ಲಿ, ಲಸಿಕೆ ಪಡೆದ ಸುಮಾರು ಹತ್ತು ಸಾವಿರ ಕೂಸುಗಳಲ್ಲಿ ಐವರಿಗೆ ಕರುಳಿನ ಒಂದು ಭಾಗ ಪಕ್ಕದ ಭಾಗದೊಳಕ್ಕೆ ತೂರಿಕೊಳ್ಳುವ ತೊಂದರೆ ಬಂದಿತ್ತು. ಆದರೆ ಈ ತೊಂದರೆ ಲಸಿಕೆ ಪಡೆಯದ ಕೂಸುಗಳಿಗೂ ಬರುವುದುಂಟು. ಐದೇ ಪ್ರಕರಣಗಳಿಂದ ಕಾರಣ ಯಾವುದೆಂದು ಹೇಳುವಂತಿರಲಿಲ್ಲ.

ಮುಂದೆ ಬೆಳಕು ತೋರಿದ್ದು ವೈದ್ಯರ ವರದಿಗಳು. ಅಂಥ ವರದಿಯೊಂದನ್ನು ಮಾದರಿಗಾಗಿ ನಾವೇ ಬರೆದು ನೋಡೋಣ.

"ಎರಡು ತಿಂಗಳ ಗಂಡು ಕೂಸು. ಸೋಮವಾರ ಬೆಳಗ್ಗೆ 10 ಗಂಟೆಗೆ ಲಸಿಕೆಯ ಮೊದಲ ಸರದಿ. ಲಸಿಕೆಯ ಹೆಸರು, ತಯಾರಕರು, ಬ್ಯಾಚ್ ಸಂಖ್ಯೆ ನಮೂದಿಸಿದೆ. ಗುರುವಾರ ಸಂಜೆ 6ಕ್ಕೆ ಬಿಟ್ಟುಬಿಟ್ಟು ಜೋರಾಗಿ ಅಳು, ಮೊಣಕಾಲು ಹೊಟ್ಟೆಗೆ ಮಡಚುವುದು, ಹಸಿರು ವಾಂತಿ. ರಾತ್ರಿ 11ಕ್ಕೆ ಮಲದಲ್ಲಿ ರಕ್ತ ಮತ್ತು ಲೋಳೆ. ಶುಕ್ರವಾರ ಆಸ್ಪತ್ರೆಗೆ ದಾಖಲು, ಕ್ಷಕಿರಣ ಪರೀಕ್ಷೆಯಲ್ಲಿ ಕರುಳು ತೂರಿಕೊಂಡದ್ದು ಖಚಿತ, ಶಸ್ತ್ರಚಿಕಿತ್ಸೆ. ಎಂಟನೆಯ ದಿನ ಗುಣವಾಗಿ ಮನೆಗೆ."

ಇಲ್ಲಿ ಮೂರು ಸಂಗತಿಗಳಿವೆ: ಏನಾಯಿತು, ಯಾವಾಗ ಆಯಿತು, ಕೊನೆಗೆ ಏನಾಯಿತು. "ಲಸಿಕೆಯಿಂದಲೇ ಆಯಿತು" ಎಂಬ ಮಾತು ಎಲ್ಲಿಯೂ ಇಲ್ಲ. ವರದಿ ಬರೆಯುವವರು ಕಂಡದ್ದನ್ನು ಬರೆಯಬೇಕು. ಕಾರಣವನ್ನು ತೀರ್ಮಾನಿಸುವುದು ಬೇರೆಯವರ ಕೆಲಸ. "ಲಸಿಕೆಯ ನಂತರ ಕೂಸಿಗೆ ಹೊಟ್ಟೆನೋವು" ಎಂದಷ್ಟೇ ಬರೆದಿದ್ದರೆ ಆ ಕಾಗದದಿಂದ ಉಪಯೋಗವಿರುತ್ತಿರಲಿಲ್ಲ.

1999ರ ಜುಲೈ ಹೊತ್ತಿಗೆ ಅಮೆರಿಕದ ಅಧಿಕಾರಿಗಳ ಬಳಿ ಇಂತಹ 15 ವರದಿಗಳು ಸೇರಿದ್ದವು. ಅವನ್ನು ಒಟ್ಟಿಗೆ ಓದಿದಾಗ ಒಂದು ಹೊಂದಾಣಿಕೆ ಕಂಡಿತು. 13 ಕೂಸುಗಳಿಗೆ ತೊಂದರೆ ಬಂದದ್ದು ಮೊದಲ ಸರದಿಯ ಬಳಿಕ. 12 ಕೂಸುಗಳಿಗೆ ಲಕ್ಷಣ ಕಂಡದ್ದು ಲಸಿಕೆ ಹಾಕಿದ ಒಂದು ವಾರದೊಳಗೆ. ಎಂಟು ಕೂಸುಗಳಿಗೆ ಶಸ್ತ್ರಚಿಕಿತ್ಸೆ ಬೇಕಾಯಿತು. ಹದಿನೈದೂ ಕೂಸುಗಳು ಗುಣಹೊಂದಿದವು.

ಈಗ ಒಂದು ಲೆಕ್ಕ ಮಾಡೋಣ. ಅಷ್ಟರಲ್ಲಿ ಸುಮಾರು 15 ಲಕ್ಷ ಸರದಿ ಲಸಿಕೆ ಹಾಕಲಾಗಿತ್ತು. ಪ್ರತಿ ಸರದಿಯ ನಂತರದ ಒಂದು ವಾರವನ್ನು ಹಿಡಿದರೆ 15 ಲಕ್ಷ ವಾರಗಳು. 52ರಿಂದ ಭಾಗಿಸಿದರೆ ಸುಮಾರು 28,800 ವರ್ಷಗಳು. ಲಸಿಕೆ ಇಲ್ಲದಿದ್ದರೂ ಆ ದೇಶದಲ್ಲಿ ವರ್ಷಕ್ಕೆ ಸುಮಾರು 2,000 ಕೂಸುಗಳಲ್ಲಿ ಒಂದಕ್ಕೆ ಈ ತೊಂದರೆ ಬರುತ್ತಿತ್ತು. ಎಂದರೆ ಆಕಸ್ಮಿಕವಾಗಿಯೇ ಸುಮಾರು 14 ಪ್ರಕರಣಗಳು ಆ ವಾರಗಳಲ್ಲಿ ಬೀಳಬೇಕು. ವರದಿಯಾದದ್ದು 12 ಮಾತ್ರ! ಹಾಗಾದರೆ ಲಸಿಕೆ ನಿರಪರಾಧಿಯೆ?

ಇಲ್ಲಿಯೇ ಜಾಣತನ ಬೇಕು. ಆದದ್ದೆಲ್ಲವೂ ವರದಿಯಾಗುವುದಿಲ್ಲ, ಬಹಳಷ್ಟು ವೈದ್ಯರು ಬರೆಯುವುದೇ ಇಲ್ಲ. ಒಂದು ಪಾಲು ಮಾತ್ರ ವರದಿಯಾಗುವ ಕಡೆ ನಿರೀಕ್ಷೆಯ ಸಮೀಪದಷ್ಟು ಸಂಖ್ಯೆ ಬಂದಿದೆಯೆಂದರೆ ನಿಜವಾದ ಸಂಖ್ಯೆ ಅದಕ್ಕಿಂತ ಬಹಳ ಹೆಚ್ಚಿರಬೇಕು. ಆದುದರಿಂದ ಅಧಿಕಾರಿಗಳು ಜುಲೈನಲ್ಲಿ ಲಸಿಕೆಯನ್ನು ತಡೆಹಿಡಿಯುವಂತೆ ಹೇಳಿ, 19 ರಾಜ್ಯಗಳಲ್ಲಿ ತನಿಖೆ ನಡೆಸಿದರು. ರೋಗ ಬಂದ ಕೂಸುಗಳನ್ನೂ ಬಾರದ ಕೂಸುಗಳನ್ನೂ ಹೋಲಿಸಿದಾಗ, ಮೊದಲ ಸರದಿಯ ನಂತರ 3ರಿಂದ 14 ದಿನಗಳಲ್ಲಿ ಅಪಾಯವು ಇಪ್ಪತ್ತು ಪಟ್ಟಿಗೂ ಹೆಚ್ಚೆಂದು ಸಿದ್ಧವಾಯಿತು. 1999ರ ಅಕ್ಟೋಬರಿನಲ್ಲಿ ತಯಾರಕರು ಲಸಿಕೆಯನ್ನು ಹಿಂತೆಗೆದುಕೊಂಡರು. ಮುಂದೆ ಬಂದ ಎರಡು ಹೊಸ ರೋಟಾವೈರಸ್ ಲಸಿಕೆಗಳನ್ನು ತಲಾ 60,000ಕ್ಕೂ ಹೆಚ್ಚು ಕೂಸುಗಳಲ್ಲಿ ಪರೀಕ್ಷಿಸಿದ ಮೇಲೆಯೇ ಬಳಕೆಗೆ ತಂದರು.

ನಮ್ಮ ದೇಶದಲ್ಲಿ 2016ರಿಂದ ರೋಟಾವೈರಸ್ ಲಸಿಕೆಯನ್ನು ಸರಕಾರಿ ಕಾರ್ಯಕ್ರಮದಲ್ಲಿ 6, 10 ಮತ್ತು 14ನೆಯ ವಾರಗಳಲ್ಲಿ ಕೊಡುತ್ತಾರೆ. ಯಾವುದೇ ಲಸಿಕೆಯ ಬಳಿಕ ಗಂಭೀರ ತೊಂದರೆಯಾದರೆ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಯಿಂದ ಜಿಲ್ಲಾ ಲಸಿಕಾ ಅಧಿಕಾರಿಗೆ 24 ಗಂಟೆಯೊಳಗೆ ವರದಿ ಹೋಗಬೇಕು. ಅದರಲ್ಲಿಯೂ ಕೇಳುವುದು ಆ ಮೂರು ಸಂಗತಿಗಳನ್ನೇ. ಲಸಿಕೆಯ ಹೆಸರು ಮತ್ತು ದಿನ ಮನೆಯಲ್ಲಿರುವ ಕಾರ್ಡಿನಲ್ಲಿ ಸಿಗುತ್ತದೆ. ಆದರೆ ಮೊದಲ ಲಕ್ಷಣ ಎಷ್ಟು ಗಂಟೆಗೆ ಕಂಡಿತೆಂಬುದು ತಾಯಿತಂದೆಯರಿಗೆ ಮಾತ್ರ ಗೊತ್ತು. ಅದನ್ನು ಆಗಲೇ ಕಾರ್ಡಿನ ಹಿಂಬದಿಯಲ್ಲಿ ಬರೆದಿಟ್ಟರೆ ವರದಿಯ ಮುಖ್ಯವಾದ ಸಾಲು ಸಿದ್ಧವಾದಂತೆ.