ಹಂಡೆಯಲ್ಲಿರುವ ಲಡಿಗೆ ಬಣ್ಣದ ಖರ್ಚು ಎಷ್ಟು?

ತಿಂಗಳ ಕೊನೆಯ ಸಂಜೆ ಕೊಳ್ಳೇಗಾಲದ ಒಂದು ಬಣ್ಣದ ಮನೆಯೊಳಗೆ ಕಾಲಿಟ್ಟರೆ ರೇಷ್ಮೆ ಎರಡು ಸ್ಥಿತಿಯಲ್ಲಿ ಕಾಣುತ್ತದೆ. ಕೆಲವು ಲಡಿಗಳು ಸೋಪು, ಸೋಡಾ ಹಾಕಿದ ನೀರಿನಲ್ಲಿ ಬೇಯುತ್ತಿರುತ್ತವೆ. ಇನ್ನು ಕೆಲವು ಬಣ್ಣ ಕುಡಿದು, ನೆರಳಿನಲ್ಲಿ ಬಿದಿರು ಗಳದ ಮೇಲೆ ಒಣಗುತ್ತಿರುತ್ತವೆ. ಮುಗಿದ ಮಾಲು ಆಗಲೇ ಮಗ್ಗದ ಮನೆ ಸೇರಿರುತ್ತದೆ. ಲೆಕ್ಕ ಬರೆಯುವವರಿಗೆ ಕಷ್ಟ ಶುರುವಾಗುವುದು ಈ ಅರೆಮುಗಿದ ಲಡಿಗಳಿಂದಲೇ.

ಹನೂರು ಕಡೆಯ ಹಿಪ್ಪುನೇರಳೆ ತೋಟದ ಗೂಡು, ಯಳಂದೂರಿನ ಮಾಂಬಳ್ಳಿಯಂಥ ಊರುಗಳ ನೂಲು ಬಿಚ್ಚಾಣಿಕೆ, ಕೊಳ್ಳೇಗಾಲದ ಹುರಿ, ಬಣ್ಣ, ನೇಯ್ಗೆ: ರೇಷ್ಮೆ ಹೀಗೆ ಕೈಯಿಂದ ಕೈಗೆ ಸಾಗುತ್ತದೆ. ಒಂದೇ ಮಾಲೀಕರು ಹುರಿ ಮತ್ತು ಬಣ್ಣ ಎರಡನ್ನೂ ನಡೆಸುವಾಗ ಹುರಿ ಮೊದಲ ವಿಭಾಗ, ಬಣ್ಣ ಎರಡನೆಯದು. ಬಿ.ಕಾಂ. ಪಠ್ಯದಲ್ಲಿ ಪ್ರೊಸೆಸ್ ಕಾಸ್ಟಿಂಗ್ ಎಂದು ಓದಿದ್ದು ಇಲ್ಲಿ ಕಣ್ಣೆದುರೇ ನಡೆಯುತ್ತದೆ. ಈ ಎರಡನೇ ವಿಭಾಗದ ಲೆಕ್ಕವನ್ನು ಒಂದು ಉದಾಹರಣೆ ಹಿಡಿದು ಮಾಡೋಣ. ಅಂಕಿಗಳನ್ನು ಲೆಕ್ಕ ಸಲೀಸಾಗಲೆಂದು ನಾನೇ ಇಟ್ಟುಕೊಂಡಿದ್ದೇನೆ, ಅವು ಮಾರುಕಟ್ಟೆಯ ದರಗಳಲ್ಲ.

ಮೊದಲು ಎಣಿಕೆ: ಕೆ.ಜಿ. ಬೇಡ, ಲಡಿ ಇರಲಿ

ಕಚ್ಚಾ ರೇಷ್ಮೆ ಎಳೆಯ ಮೇಲೆ ಸೆರಿಸಿನ್ ಎಂಬ ಅಂಟು ಇರುತ್ತದೆ. ಅದು ಹೋಗದೆ ಬಣ್ಣ ಸಮನಾಗಿ ಹಿಡಿಯುವುದಿಲ್ಲ, ಹೊಳಪೂ ಬರುವುದಿಲ್ಲ. ಸೋಪು ನೀರಿನಲ್ಲಿ ಬೇಯಿಸಿದಾಗ ಈ ಅಂಟಿನ ಜೊತೆ ತೂಕದಲ್ಲಿ ಸಾಮಾನ್ಯವಾಗಿ ಶೇ. 20ರಿಂದ 25ರಷ್ಟು ಹೋಗುತ್ತದೆ. ತಳಿಯ ಮೇಲೆ ಸ್ವಲ್ಪ ಹೆಚ್ಚು ಕಡಿಮೆ ಇದ್ದೀತು. ಹುರಿ ವಿಭಾಗದಿಂದ 100 ಗ್ರಾಂ ಇದ್ದು ಬಂದ ಲಡಿ, ಬಣ್ಣವಾಗಿ ಹೊರಡುವಾಗ 75 ಗ್ರಾಂ ಆಗಿರಬಹುದು.

ಇದು ಕಳವೂ ಅಲ್ಲ, ಹಾಳಾದದ್ದೂ ಅಲ್ಲ. ಆದರೆ ಕೆ.ಜಿ. ಲೆಕ್ಕದಲ್ಲಿ ಹೋದರೆ ಬೇಯದ ಲಡಿಯ ಭಾರವನ್ನೂ ಬೆಂದ ಲಡಿಯ ಹಗುರವನ್ನೂ ಒಂದೇ ಕಾಲಂನಲ್ಲಿ ಕೂಡಿಸಿದಂತಾಗುತ್ತದೆ. ಒದ್ದೆ ಲಡಿಯ ತೂಕವಂತೂ ನಂಬುವಂಥದ್ದೇ ಅಲ್ಲ. ಲಡಿಯ ಸಂಖ್ಯೆ ಮಾತ್ರ ಹಂಡೆಗೆ ಇಳಿದಾಗಲೂ ಗಳ ಏರಿದಾಗಲೂ ಒಂದೇ. ಹಾಗಾಗಿ ಹುರಿ ವಿಭಾಗದಲ್ಲಿ ಸಮತೂಕದ ಲಡಿ ಸುತ್ತಿಸಿ, ಬಣ್ಣದ ಮನೆಯಲ್ಲಿ ಲಡಿಯನ್ನೇ ಘಟಕವಾಗಿ ಹಿಡಿಯಿರಿ. ತೂಕವನ್ನು ಬೇರೊಂದು ಪುಸ್ತಕದಲ್ಲಿ ಬರೆದಿಡಿ. ಚೆನ್ನಾಗಿ ಒಣಗಿದ ನೂರು ಲಡಿ ತೂಗಿದಾಗ ಇಳಿಕೆ ಎಂದಿಗಿಂತ ತೀರಾ ಕಡಿಮೆ ಬಂದರೆ ಅಂಟು ಉಳಿದಿದೆ, ಬಣ್ಣ ಪಟ್ಟೆ ಪಟ್ಟೆಯಾದೀತು. ತೀರಾ ಹೆಚ್ಚಾದರೆ ಸೋಡಾ ಜೋರಾಗಿದೆ ಅಥವಾ ಬೆಂದದ್ದು ಅತಿಯಾಗಿದೆ, ಎಳೆಗೇ ಪೆಟ್ಟು ಬಿದ್ದಿದೆ.

ಬಣ್ಣ ಬೀಳುವ ಜಾಗ ಯಾವುದು

ಮೊದಲು ಬೇಯಿಸಿ ತೊಳೆಯುವುದು, ಆಮೇಲೆ ಬಣ್ಣ, ಮತ್ತೆ ತೊಳೆದು ಒಣಗಿಸಿ, ಕೊಡವಿ, ಕಟ್ಟು ಕಟ್ಟುವುದು. ಬಣ್ಣ ಎಂಬ ಸಾಮಗ್ರಿ ಆರಂಭದಲ್ಲಿ ಬೀಳುವುದಿಲ್ಲ, ಕೊನೆಯಲ್ಲೂ ಬೀಳುವುದಿಲ್ಲ, ನಡುವೆ ಬೀಳುತ್ತದೆ. ಆ ನಡುವು ಶೇಕಡಾ ಎಷ್ಟು ಎಂದು ಒಮ್ಮೆ ಕುಳಿತು ಅಳೆದುಕೊಳ್ಳಬೇಕು.

ಇದನ್ನು ಗಡಿಯಾರ ನೋಡಿ ಹೇಳಬಾರದು. ನೆರಳಿನಲ್ಲಿ ಒಣಗಲು ಇಡೀ ರಾತ್ರಿ ಹಿಡಿದರೂ ಅದಕ್ಕೆ ಖರ್ಚು ಹೆಚ್ಚಿಲ್ಲ. ಬೇಯಿಸುವುದು ಅಷ್ಟು ಹೊತ್ತಿನದಲ್ಲ, ಆದರೆ ಸೌದೆ, ನೀರು, ಆಳು ಎಲ್ಲ ಅಲ್ಲೇ ಸುರಿಯುತ್ತವೆ. ಕೂಲಿ, ಇಂಧನ, ನೀರು, ಬಾಡಿಗೆ ಸೇರಿದ್ದು ಪರಿವರ್ತನಾ ವೆಚ್ಚ. ಬೇಯಿಸಲು ಹಾಕುವ ಸೋಪು, ಸೋಡಾಗಳನ್ನೂ ಸಣ್ಣ ಖರ್ಚೆಂದು ಇದರಲ್ಲೇ ಸೇರಿಸಿದ್ದೇನೆ. ಒಂದು ಲಡಿಗೆ ಈ ವೆಚ್ಚ ಒಟ್ಟು 30 ರೂಪಾಯಿ ಬಿದ್ದು, ಬಣ್ಣದ ತೊಟ್ಟಿಗೆ ಇಳಿಯುವ ಹೊತ್ತಿಗೆ ಅದರಲ್ಲಿ 12 ರೂಪಾಯಿ ಖರ್ಚಾಗಿದ್ದರೆ, ಬಣ್ಣ ಬೀಳುವ ಜಾಗ ಶೇ. 40. ನಮ್ಮ ಉದಾಹರಣೆಗೆ ಅದನ್ನೇ ಇಟ್ಟುಕೊಳ್ಳೋಣ.

ತಿಂಗಳ ಅಂಕಿಗಳು

ತಿಂಗಳು ಶುರುವಾದಾಗ 200 ಲಡಿ ಶೇ. 25ರ ಹಂತದಲ್ಲಿತ್ತು. ಅದಕ್ಕೆ ಹುರಿ ವಿಭಾಗದಿಂದ ಹೊತ್ತು ತಂದ ವೆಚ್ಚ 1,00,000 ರೂ., ಪರಿವರ್ತನೆಗೆ ಆಗಲೇ ತಗುಲಿದ್ದು 1,400 ರೂ. ಬಣ್ಣ ಇನ್ನೂ ಬಿದ್ದಿರಲಿಲ್ಲ.

ತಿಂಗಳಲ್ಲಿ ಹುರಿ ವಿಭಾಗದಿಂದ 1,800 ಲಡಿ ಬಂತು, ಅದರ ವೆಚ್ಚ 9,36,000 ರೂ. ಬಣ್ಣಕ್ಕೆ 24,500 ರೂ., ಪರಿವರ್ತನೆಗೆ 52,450 ರೂ. ಖರ್ಚಾಯಿತು. 1,600 ಲಡಿ ಮುಗಿದು ಮಗ್ಗಕ್ಕೆ ಹೋಯಿತು.

ಉಳಿದದ್ದು 400. ಅದರಲ್ಲಿ 250 ಹಂಡೆಯಲ್ಲಿದೆ, ಶೇ. 30 ಮುಗಿದಿದೆ. 150 ಬಣ್ಣವಾಗಿ ಗಳದ ಮೇಲಿದೆ, ಶೇ. 80 ಮುಗಿದಿದೆ. ಲೆಕ್ಕವನ್ನು ಸರಾಸರಿ ವಿಧಾನದಲ್ಲಿ, ಅಂದರೆ ಹಳೆಯ ಖರ್ಚು ಹೊಸ ಖರ್ಚು ಕೂಡಿಸಿ ಮಾಡುತ್ತೇನೆ.

ಸಮಾನ ಘಟಕ: ಒಂದೇ ಲಡಿಗೆ ಮೂರು ಪ್ರಶ್ನೆ

ಅರ್ಧ ಮುಗಿದ ಎರಡು ಲಡಿಯ ಕೆಲಸ, ಪೂರ್ತಿ ಮುಗಿದ ಒಂದು ಲಡಿಯ ಕೆಲಸಕ್ಕೆ ಸಮ. ಸಮಾನ ಘಟಕ ಎಂದರೆ ಇಷ್ಟೇ. ಆದರೆ ಎರಡನೇ ವಿಭಾಗದಲ್ಲಿ ಒಂದೇ ಲಡಿಯನ್ನು ಮೂರು ಸಲ ಬೇರೆ ಬೇರೆಯಾಗಿ ಕೇಳಬೇಕು.

ಮೊದಲ ಪ್ರಶ್ನೆ: ಹುರಿ ವಿಭಾಗದ ಖರ್ಚು ಇದರಲ್ಲಿ ಎಷ್ಟಿದೆ? ಉತ್ತರ ಯಾವಾಗಲೂ ಪೂರ್ತಿ. ಹುರಿಯ ಬಾಗಿಲು ದಾಟಿದ ಕ್ಷಣಕ್ಕೇ ಆ ಖರ್ಚು ಮುಗಿದುಹೋಗಿದೆ. ಬಣ್ಣದ ಮನೆಯಲ್ಲಿ ಲಡಿಯನ್ನು ಇನ್ನೂ ಮುಟ್ಟದಿದ್ದರೂ ಅದು ನೂರಕ್ಕೆ ನೂರು. ಎರಡನೇ ವಿಭಾಗದ ದೃಷ್ಟಿಯಲ್ಲಿ ಇದು ಶುರುವಿನಲ್ಲೇ ಬಿದ್ದ ಸಾಮಗ್ರಿಯಂತೆ.

ಎರಡನೆಯದು: ಬಣ್ಣ ಬಿದ್ದಿದೆಯೇ? ಇದಕ್ಕೆ ಹೌದು ಅಥವಾ ಇಲ್ಲ ಎಂಬ ಎರಡೇ ಉತ್ತರ. ಶೇ. 40 ದಾಟಿದ್ದರೆ ಪೂರ್ತಿ, ದಾಟಿಲ್ಲವಾದರೆ ಸೊನ್ನೆ. ಶೇ. 30ರಲ್ಲಿರುವ ಲಡಿಯಲ್ಲಿ ಬಣ್ಣ ಶೇ. 30 ಇರುವುದಿಲ್ಲ.

ಮೂರನೆಯದು ಪರಿವರ್ತನೆ. ಇಲ್ಲಿ ಮಾತ್ರ ಶೇಕಡಾವಾರು ಗುಣಿಸಬೇಕು.

| | ಹುರಿಯಿಂದ ಬಂದದ್ದು | ಬಣ್ಣ | ಪರಿವರ್ತನೆ |
|---|---|---|---|
| ಮುಗಿದ 1,600 | 1,600 | 1,600 | 1,600 |
| ಹಂಡೆಯ 250 | 250 | 0 | 75 |
| ಗಳದ 150 | 150 | 150 | 120 |
| ಸಮಾನ ಘಟಕ | 2,000 | 1,750 | 1,795 |
| ಒಟ್ಟು ವೆಚ್ಚ (ರೂ.) | 10,36,000 | 24,500 | 53,850 |
| ಒಂದು ಲಡಿಗೆ (ರೂ.) | 518 | 14 | 30 |

ಬಣ್ಣವಾಗಿ ಮುಗಿದ ಒಂದು ಲಡಿಗೆ 562 ರೂಪಾಯಿ ಆಯಿತು. ಮಗ್ಗಕ್ಕೆ ಹೋದ 1,600 ಲಡಿಯ ವೆಚ್ಚ 8,99,200 ರೂ.

ಉಳಿದ 400ರ ಬೆಲೆ ಕಟ್ಟುವಾಗ 562ರಿಂದ ಗುಣಿಸಲೇಬಾರದು. ಹಂಡೆಯ 250ಕ್ಕೆ ಹುರಿಯ ವೆಚ್ಚ 1,29,500, ಬಣ್ಣ ಸೊನ್ನೆ, ಪರಿವರ್ತನೆ 75ಕ್ಕೆ 2,250, ಒಟ್ಟು 1,31,750 ರೂ. ಗಳದ 150ಕ್ಕೆ ಹುರಿಯದು 77,700, ಬಣ್ಣ 2,100, ಪರಿವರ್ತನೆ 120ಕ್ಕೆ 3,600, ಒಟ್ಟು 83,400 ರೂ. ಎರಡೂ ಸೇರಿ 2,15,150 ರೂ.

ಈಗ ತಾಳೆ ನೋಡಿ. ಹೊರಗೆ ಹೋದದ್ದು ಮತ್ತು ಉಳಿದದ್ದು ಕೂಡಿದರೆ 11,14,350 ರೂ. ವಿಭಾಗದ ಹೆಗಲಿಗೆ ಬಿದ್ದ ಮೂರು ಮೊತ್ತಗಳನ್ನು ಕೂಡಿದರೂ ಅಷ್ಟೇ.

ತಾಳೆಯಾದರೂ ತಪ್ಪಿರಬಹುದು

ಇದನ್ನು ಒತ್ತಿ ಹೇಳಬೇಕೆನಿಸುತ್ತದೆ, ಏಕೆಂದರೆ ನಾನೂ ಮೊದಮೊದಲು ಮೊತ್ತ ತಾಳೆಯಾಯಿತೆಂದು ಪುಸ್ತಕ ಮುಚ್ಚಿದವನು. ಉಳಿದ 400 ಲಡಿಯನ್ನು ಒಂದೇ ಗುಂಪು ಮಾಡಿ ಸರಾಸರಿ ತೆಗೆದರೆ ಶೇ. 48.75 ಮುಗಿದಿದೆ ಎಂದು ಬರುತ್ತದೆ. ಪರಿವರ್ತನೆಗೆ ಇದರಿಂದ ತೊಂದರೆಯಿಲ್ಲ, 195 ಸಮಾನ ಘಟಕ ಹಾಗೇ ಸಿಗುತ್ತದೆ. ಆದರೆ 48.75 ಎಂಬುದು 40ಕ್ಕಿಂತ ಹೆಚ್ಚಲ್ಲವೇ? ಹಾಗಾದರೆ 400ಕ್ಕೂ ಬಣ್ಣ ಬಿದ್ದಿದೆ ಎಂದು ಕೈ ಬರೆದುಬಿಡುತ್ತದೆ. ಬಣ್ಣದ ಘಟಕ 2,000 ಆಗಿ, ದರ 14ರಿಂದ 12.25ಕ್ಕೆ ಇಳಿಯುತ್ತದೆ. ಮಗ್ಗಕ್ಕೆ ಹೋದ ಮಾಲಿನ ವೆಚ್ಚ 2,800 ರೂ. ಕಡಿಮೆ, ಉಳಿದ ಮಾಲಿನದು ಅಷ್ಟೇ ಹೆಚ್ಚು. ಒಟ್ಟು ಮೊತ್ತ ಮಾತ್ರ ಚೊಕ್ಕವಾಗಿ ತಾಳೆಯಾಗುತ್ತದೆ! ಹಂಡೆಯಲ್ಲಿ ಬೆಳ್ಳಗೆ ಬೇಯುತ್ತಿರುವ ಲಡಿಗೆ ಪುಸ್ತಕದಲ್ಲಿ ಬಣ್ಣ ಬಳಿದಾಗಿರುತ್ತದೆ. ಇದನ್ನು ಹಿಡಿಯಲು ಹಂಡೆಯ ಬಳಿ ಹೋಗಿ ನೋಡುವುದೊಂದೇ ದಾರಿ. ತಿಂಗಳ ಕೊನೆಯಲ್ಲಿ ಪ್ರತಿ ಗುಂಪನ್ನೂ ಅದು ನಿಂತ ಜಾಗದಲ್ಲೇ ಬೇರೆಯಾಗಿ ಎಣಿಸಿ ಚೀಟಿ ಕಟ್ಟಿಸಿ.

ಇನ್ನೊಂದು ತಪ್ಪು ದೊಡ್ಡದು. ಹುರಿಯಿಂದ ಬಂದ ವೆಚ್ಚವನ್ನೂ ಪರಿವರ್ತನೆಯ 1,795ರಿಂದಲೇ ಭಾಗಿಸುವುದು. ಆಗ 518 ಇರಬೇಕಾದ ದರ 577 ದಾಟುತ್ತದೆ, ಮಗ್ಗಕ್ಕೆ ಹೋದ ಮಾಲಿನ ಮೇಲೆ 94,600 ರೂಪಾಯಿಗೂ ಹೆಚ್ಚು ಹೊರೆ ಬೀಳುತ್ತದೆ. ರೇಷ್ಮೆಯಲ್ಲಿ ಬಂದ ಮಾಲಿನ ಬೆಲೆಯೇ ಮುಖ್ಯ. ನಮ್ಮ ಲಡಿಯ 562ರಲ್ಲಿ ಬಣ್ಣದ ಮನೆಯ ಪಾಲು 44 ಮಾತ್ರ. ಆದ್ದರಿಂದ ಈ ಕಾಲಂ ತಪ್ಪಿದರೆ ಸೀರೆಯ ಬೆಲೆಯೇ ತಪ್ಪುತ್ತದೆ.

ಮಗ್ಗದ ಮನೆ ಕೆ.ಜಿ.ಯಲ್ಲೇ ದರ ಕೇಳಿದರೆ? 1,600 ಲಡಿ ಬಂದಾಗ 160 ಕೆ.ಜಿ. ಇತ್ತು, ಕಾಲು ಭಾಗ ಇಳಿದು 120 ಕೆ.ಜಿ. ಆಗಿದೆ. 8,99,200ನ್ನು 120ರಿಂದ ಭಾಗಿಸಿ, ಕೆ.ಜಿ.ಗೆ ಸುಮಾರು 7,493 ರೂ. ಎಂದು ಹೇಳಿ. ಹತ್ತು ಲಡಿಗೆ 5,620, ಅದೇ ಒಂದು ಕೆ.ಜಿ. ಎಂದು ಹೇಳಿದರೆ ಅಂಟಿನ ತೂಕವನ್ನೂ ರೇಷ್ಮೆಯೆಂದು ಎಣಿಸಿದಂತೆ.

ಗೂಡಿನ ಬೆಲೆ ಕುಣಿಯುವ ತಿಂಗಳು

ಗೂಡು ಹರಾಜಿನಲ್ಲಿ ಮಾರಾಟವಾಗುವ ಮಾಲು. ದರ ಏರಿದಾಗ ಅದು ನೂಲಿಗೆ, ಹುರಿಗೆ ದಾಟಿ ಬಣ್ಣದ ಮನೆಯ ಮೊದಲ ಕಾಲಂಗೆ ಬಂದು ಕೂರುತ್ತದೆ. ಹಳೆಯ 200 ಲಡಿ 500ರಂತೆ, ಹೊಸದು 520ರಂತೆ ಬಂದಿತ್ತು. ಸರಾಸರಿ ಎರಡನ್ನೂ 518ರಲ್ಲಿ ಕರಗಿಸಿತು. ವ್ಯತ್ಯಾಸ ಇದಕ್ಕಿಂತ ದೊಡ್ಡದಿದ್ದರೆ ಮೊದಲು ಬಂದದ್ದು ಮೊದಲು ಹೋಗುವ ವಿಧಾನ ಮೇಲು. ಅದರಲ್ಲಿ ಈ ತಿಂಗಳು ಮಾಡಿದ ಕೆಲಸವನ್ನು ಮಾತ್ರ ಎಣಿಸುತ್ತೇವೆ. ಹಳೆಯ 200 ಲಡಿಗೆ ಹುರಿಯ ಘಟಕ ಸೊನ್ನೆ, ಬಣ್ಣ ಈ ತಿಂಗಳೇ ಬಿದ್ದದ್ದರಿಂದ ಪೂರ್ತಿ 200, ಪರಿವರ್ತನೆ ಉಳಿದ ಶೇ. 75ಕ್ಕೆ 150. ಒಟ್ಟು ಘಟಕಗಳು ಕ್ರಮವಾಗಿ 1,800, 1,750, 1,745 ಆಗುತ್ತವೆ. ಹುರಿಯ ದರ ನೇರವಾಗಿ 520 ಎಂದು ಕಾಣುತ್ತದೆ.

ಯಾವ ವಿಧಾನವಾದರೂ ಮುಂದಿನ ತಿಂಗಳ ಪುಸ್ತಕದ ಮೊದಲ ಪುಟದಲ್ಲಿ ಆರಂಭದ ಮಾಲನ್ನು 400 ಲಡಿ ಎಂದು ಒಂದೇ ಸಾಲಿನಲ್ಲಿ ಬರೆಯಬೇಡಿ. ಹಂಡೆಯ 250 ಶೇ. 30ರಲ್ಲಿ, ಬಣ್ಣ ಸೊನ್ನೆ ಎಂದು ಒಂದು ಸಾಲು. ಗಳದ 150 ಶೇ. 80ರಲ್ಲಿ, ಬಣ್ಣ ಬಿದ್ದಿದೆ ಎಂದು ಇನ್ನೊಂದು ಸಾಲು.