ಸಮಬಲದ ಎದುರಾಳಿ

ಹಿನಕಲ್ ಮೈಸೂರಿನ ಹುಣಸೂರು ರಸ್ತೆಯಲ್ಲಿದೆ. ಅಲ್ಲಿನ ಇಬ್ಬರು ಗೆಳೆಯರು ಅಳಿಗುಳಿಮಣೆಯನ್ನು ಅಂತರಜಾಲದಲ್ಲಿ ಆಡುವಂತೆ ರೂಪಿಸಿದ್ದಾರೆಂದು ಭಾವಿಸೋಣ. ಸಂಜೆ ಆಡಲು ಬರುವವರು ಸುಮಾರು ನಲವತ್ತು ಮಂದಿ. ಅವರಲ್ಲಿ ನೋಟದಿಂದಲೇ ಕಾಳುಗಳ ಲೆಕ್ಕ ಹಿಡಿಯುವ ನುರಿತವರುಂಟು. ನಿಯಮಗಳನ್ನು ಅಂದೇ ಕಲಿತ ಬಾಲಕಿಯೂ ಉಂಟು. ಬಂದವರನ್ನು ಬಂದಂತೆಯೇ ಜೊತೆಗೂಡಿಸಿದರೆ ಆಕೆ ನಾಲ್ಕು ಆಟಗಳನ್ನು ಸೋತು, ಐದನೆಯದಕ್ಕೆ ಬಾರಳು.

ಈ ತೊಡಕಿಗೆ ಚದುರಂಗವು ಹಿಂದೆಯೇ ದಾರಿ ತೋರಿತ್ತು. ಹಂಗೇರಿಯಲ್ಲಿ ಜನಿಸಿ, ಅಮೆರಿಕದಲ್ಲಿ ಭೌತಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಅರ್ಪಾಡ್ ಎಲೋ ರೂಪಿಸಿದ ಅಂಕಪದ್ಧತಿಯನ್ನು ವಿಶ್ವ ಚದುರಂಗ ಒಕ್ಕೂಟವು 1970ರಲ್ಲಿ ಅಂಗೀಕರಿಸಿತು. 2017ರಲ್ಲಿ ಕರ್ನಾಟಕದ ಮೊದಲ ಗ್ರ್ಯಾಂಡ್‌ಮಾಸ್ಟರ್ ಎನಿಸಿದ ಮೈಸೂರಿನ ತೇಜ್‌ಕುಮಾರ್ ಅವರು ಆ ಪದವಿಗಾಗಿ ಮುಟ್ಟಬೇಕಾಗಿದ್ದ 2500 ಎಂಬುದು ಇದೇ ಅಂಕ.

ಈ ಪದ್ಧತಿಯಲ್ಲಿ ಇಬ್ಬರ ಅಂಕಗಳ ಅಂತರವೇ ಫಲಿತಾಂಶದ ಮುನ್ಸೂಚನೆ. ಅಂತರ 200 ಇದ್ದರೆ ಮೇಲಿನವನು ನೂರು ಆಟಗಳಲ್ಲಿ ಸುಮಾರು 76ನ್ನು ಗೆಲ್ಲಬೇಕು. ಆಟ ಮುಗಿದ ಬಳಿಕ, ದೊರೆತ ಫಲದಿಂದ ನಿರೀಕ್ಷಿತ ಫಲವನ್ನು ಕಳೆದು, ಉಳಿದುದನ್ನು ಒಂದು ಗುಣಕದಿಂದ ಗುಣಿಸಿ ಅಂಕಕ್ಕೆ ಕೂಡುತ್ತಾರೆ. ಗುಣಕ 20 ಆದರೆ, 1300 ಅಂಕದವನು 1500 ಅಂಕದವನನ್ನು ಗೆದ್ದಾಗ 20 × 0.76, ಅಂದರೆ ಸುಮಾರು 15 ಅಂಕ ಪಡೆಯುವನು. ಸೋತರೆ ಕಳೆದುಕೊಳ್ಳುವುದು ಐದೇ ಅಂಕ.

ಹೊಸಬರ ವಿಷಯದಲ್ಲಿ ಮಾತ್ರ ಈ ಲೆಕ್ಕ ಎಡವುತ್ತದೆ. ಬಾಲಕಿಯ ನಿಜವಾದ ಬಲ 1100 ಇದ್ದು, ಆರಂಭದಲ್ಲಿ ಆಕೆಗೆ 1500 ಅಂಕ ಕೊಟ್ಟರೆಂದುಕೊಳ್ಳೋಣ. ಸಮಾನ ಅಂಕದವರೊಡನೆ ಸೋತಾಗಲೆಲ್ಲ 10 ಅಂಕ ಇಳಿಯುವುದರಿಂದ, ತನ್ನ ನೆಲೆ ಸೇರಲು ಆಕೆ ಕನಿಷ್ಠ ನಲವತ್ತು ಸೋಲುಗಳನ್ನು ಉಣ್ಣಬೇಕು. ಅಷ್ಟು ತಾಳ್ಮೆ ಯಾರಿಗಿದೆ? ಆದುದರಿಂದ ಆರಂಭವನ್ನು 1200ಕ್ಕೆ ಇಳಿಸಿ, ಮೊದಲ ಹತ್ತು ಆಟಗಳಲ್ಲಿ ಗುಣಕವನ್ನು 80ಕ್ಕೆ ಏರಿಸಬಹುದು. ಆಗ ಮೂರೇ ಸೋಲುಗಳಲ್ಲಿ ಆಕೆ 1100ರ ಸನಿಹಕ್ಕೆ ಬರುವಳು. ಹಳಬರ ಗುಣಕ 20 ಆಗಿಯೇ ಉಳಿಯುವುದರಿಂದ, ಹೊಸಬರ ಅನಿಶ್ಚಿತ ಅಂಕವು ಅವರ ಲೆಕ್ಕವನ್ನು ಹೆಚ್ಚು ಕದಡುವುದಿಲ್ಲ.

ನಲವತ್ತು ಮಂದಿಯ ಆಟಕ್ಕೆ ಇನ್ನೊಂದು ಇಕ್ಕಟ್ಟುಂಟು. ಹಲವರು ಆಗಲೇ ಆಟದಲ್ಲಿ ತೊಡಗಿರುವುದರಿಂದ ಜೊತೆಗಾಗಿ ಕಾಯುವವರು ಮೂವರೋ ನಾಲ್ವರೋ. ಮೊದಲು 100 ಅಂಕಗಳ ಅಂತರದೊಳಗೆ ಹುಡುಕಿ, ಅರ್ಧ ನಿಮಿಷದಲ್ಲಿ ಯಾರೂ ದೊರೆಯದಿದ್ದರೆ 200ಕ್ಕೆ ಹಿಗ್ಗಿಸಬೇಕಾಗುತ್ತದೆ. ಅದಕ್ಕೂ ಮೀರಿದಾಗ ಹೊಸಬರಿಗೆ ಕೆಲವು ಕಾಳುಗಳನ್ನು ಹೆಚ್ಚಾಗಿ ಕೊಟ್ಟು, ಅಂಕ ಬದಲಾಗದ ಆಟವಾಡಿಸುವುದು ಲೇಸು.

ಲೆಕ್ಕ ಸರಿಯಿದೆಯೇ ಎಂಬುದನ್ನು ದಾಖಲೆಗಳೇ ಹೇಳುತ್ತವೆ. 200 ಅಂತರದ ಆಟಗಳಲ್ಲಿ ಮೇಲಿನವರು ನೂರಕ್ಕೆ 76ರ ಬದಲು 90ನ್ನು ಗೆಲ್ಲುತ್ತಿದ್ದರೆ, ಅಂಕಗಳು ನಿಜವಾದ ಅಂತರವನ್ನು ಮರೆಮಾಚುತ್ತಿವೆ ಎಂದರ್ಥ. ಹೊಸ ಹೆಸರೊಂದು ಬಂದೊಡನೆ ಸತತವಾಗಿ ಆರು ಆಟಗಳನ್ನು ಗೆದ್ದರೆ, ನುರಿತವನೊಬ್ಬನು ವೇಷ ಬದಲಿಸಿ ಬಂದಿರಬಹುದು. ಇದನ್ನು ಪೂರ್ತಿಯಾಗಿ ತಡೆಯಲಾಗದು; ಆದರೆ ದೊಡ್ಡ ಗುಣಕವು ಅವನನ್ನು ಬೇಗನೆ ಮೇಲಕ್ಕೆ ಒಯ್ಯುವುದರಿಂದ, ಬಾಲಕಿಯಂಥವರು ಅವನ ಕೈಗೆ ಸಿಗುವುದು ಒಂದೆರಡು ಬಾರಿ ಮಾತ್ರ.